ಸ್ಕೂಟರಿನ ಮೂರು ಕಂತು ಮತ್ತು ಉಪ್ಪನ ಲೆಕ್ಕದ ಪುಸ್ತಕ

ಉಪ್ಪಳದಲ್ಲಿ ನಮ್ಮ ಉಪ್ಪನ ಅಂಗಡಿ ಇದೆ. ಅಲ್ಲಿ ಸಾಲ ಬರೆಯುವ ಒಂದು ಉದ್ದ ಪುಸ್ತಕ ಉಂಟು. ಯಾರಾದರೂ ಬಾಕಿ ಪೂರ್ತಿ ಕೊಟ್ಟರೆ ಉಪ್ಪ ಆ ಪುಟದ ಮೇಲೆ ಓರೆಯಾಗಿ ಒಂದು ಗೆರೆ ಎಳೆಯುತ್ತಾರೆ. ಕೆಲವರಿಂದ ಪೂರ್ತಿ ಬರುವುದಿಲ್ಲ. ಎರಡು ಸಾವಿರದಲ್ಲಿ ಸಾವಿರದ ಇನ್ನೂರು ಕೊಟ್ಟು, "ಇಷ್ಟೇ ಆಗುವುದು, ಬಿಡಿ" ಎನ್ನುತ್ತಾರೆ. ಉಪ್ಪ ಬಿಡುತ್ತಾರೆ. ಆದರೆ ಆ ಪುಟಕ್ಕೆ ಗೆರೆ ಎಳೆಯುವುದಿಲ್ಲ, ಕೆಳಗೆ "ಬಿಟ್ಟದ್ದು" ಎಂದು ಬರೆಯುತ್ತಾರೆ. ಮುಂದೆ ಅದೇ ಮನುಷ್ಯ ಅಕ್ಕಿ ಚೀಲ ಸಾಲಕ್ಕೆ ಕೇಳಿದಾಗ ಉಪ್ಪ ಆ ಪುಟವನ್ನು ತಿರುಗಿಸಿ ನೋಡುತ್ತಾರೆ.

ಬ್ಯಾಂಕಿನವರು ಸಿಬಿಲ್ ಎಂದು ಕರೆಯುವ ಸಂಗತಿ ಹೆಚ್ಚುಕಡಿಮೆ ಇದೇ. ನನಗೆ ಅದು ಅರ್ಥವಾದದ್ದು ಸ್ಕೂಟರಿನ ಸಾಲದಲ್ಲಿ ಮೂರು ಕಂತು ತಪ್ಪಿಸಿ, ಅದನ್ನು ಮನೆಯಲ್ಲಿ ಮುಚ್ಚಿಟ್ಟು, ಕೊನೆಗೆ ಅಕ್ಕನ ಗಂಡನ ಮನೆ ಸಾಲಕ್ಕೇ ಕಲ್ಲು ಹಾಕಿದ ಮೇಲೆ. ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬೈಕಿನ ಸಾಲ ಮಗನ ಹೆಸರಲ್ಲಿ, ಜಾಮೀನು ಮಾವನದೋ ಭಾವನದೋ ಇರುತ್ತದೆ. ಮಗ ಗಲ್ಫಿಗೆ ಹೋದ ಮೇಲೆ ಆ ಸಾಲ ಏನಾಯಿತೆಂದು ಯಾರೂ ಕೇಳುವುದಿಲ್ಲ.

ನನ್ನ ಲೆಕ್ಕ ಹೀಗಿತ್ತು. 80,000 ರೂಪಾಯಿ ಸಾಲ, 36 ಕಂತು, ತಿಂಗಳಿಗೆ 2,892 ರೂಪಾಯಿ, ಪ್ರತಿ ತಿಂಗಳ 5ಕ್ಕೆ ಖಾತೆಯಿಂದ ತಾನಾಗಿ ಹೋಗುವ ಏರ್ಪಾಡು. ಮೊದಲ ಕಂತು 2022ರ ಫೆಬ್ರವರಿಯಲ್ಲಿ. ಡಿಪ್ಲೊಮಾ ಮುಗಿಸಿದಲ್ಲಿಂದ ನಾನು ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿದ್ದೆ. 2023ರ ಮೇ ತಿಂಗಳಲ್ಲಿ ಆ ಕೆಲಸ ಹೋಯಿತು. ಸಂಬಳ ಬೀಳುತ್ತಿದ್ದ ಖಾತೆಯಿಂದಲೇ ಕಂತು ಹೋಗುತ್ತಿದ್ದದ್ದು. ಖಾತೆ ಖಾಲಿಯಾಯಿತು. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಬೌನ್ಸ್ ಆಯಿತು. ಫೋನು ಬಂದಾಗೆಲ್ಲ ಅಂಗಡಿಯ ಹಿಂದೆ ಹೋಗಿ ಮಾತಾಡಿ ಬರುತ್ತಿದ್ದೆ.

ಸೆಪ್ಟೆಂಬರಿನಿಂದ ಸಣ್ಣಪುಟ್ಟ ಕೆಲಸ ಸಿಕ್ಕಿತು. ಖಾತೆಗೆ ಹಣ ಹಾಕಿದೆ, ಕಂತು ಹೋಗತೊಡಗಿತು. ಮೂರು ತಪ್ಪಿದೆ, ಅದನ್ನು ಕೊನೆಯಲ್ಲಿ ಕಟ್ಟಿದರಾಯಿತು, ಈಗ ಸರಿಯಾಗಿ ಕಟ್ಟುತ್ತಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಾನು ಮಾಡಿದ ದೊಡ್ಡ ತಪ್ಪು ಇದೇ. ಕಂತು ತಪ್ಪಿದ್ದಕ್ಕಿಂತ ಇದರಿಂದಲೇ ಹೆಚ್ಚು ಹಾಳಾಯಿತು.

ಯಾಕೆಂದು ಹೇಳುತ್ತೇನೆ. ಸಾಲದ ರಿಪೋರ್ಟಿನಲ್ಲಿ ಪ್ರತಿ ತಿಂಗಳಿಗೆ ಒಂದು ಚೌಕ ಇರುತ್ತದೆ. ಅದರಲ್ಲಿ DPD ಎಂಬ ಸಂಖ್ಯೆ. ಅಂದರೆ ಎಲ್ಲಕ್ಕಿಂತ ಹಳೆಯ ಬಾಕಿ ಕಂತಿನ ದಿನದಿಂದ ಎಷ್ಟು ದಿನ ಕಳೆಯಿತು ಎಂಬ ಲೆಕ್ಕ. ಏನೂ ಬಾಕಿ ಇಲ್ಲದಿದ್ದರೆ 000. ನಾವು ಸೆಪ್ಟೆಂಬರಿನಲ್ಲಿ ಕಟ್ಟಿದ ಹಣವನ್ನು ಸೆಪ್ಟೆಂಬರಿನ ಕಂತು ಎಂದು ನಾವು ತಿಳಿಯುತ್ತೇವೆ. ಸಾಲ ಕೊಟ್ಟವರು ಸಾಮಾನ್ಯವಾಗಿ ಹಾಗೆ ತಿಳಿಯುವುದಿಲ್ಲ. ಉಪ್ಪನ ಪುಸ್ತಕದಲ್ಲೂ ಹಾಗೆಯೇ, ಬಂದ ಹಣ ಹಳೆಯ ಬಾಕಿಗೆ ಹೋಗುತ್ತದೆ. ಸೆಪ್ಟೆಂಬರ್ 5ಕ್ಕೆ ನಾನು ಕಟ್ಟಿದ್ದು ಜೂನಿನ ಕಂತಿಗೆ ಹೋಯಿತು. ಹಾಗಾದರೆ ಈಗ ಎಲ್ಲಕ್ಕಿಂತ ಹಳೆಯದು ಜುಲೈ 5ರ ಕಂತು. ಸೆಪ್ಟೆಂಬರಿನದೂ ಬಾಕಿಯ ಸಾಲಿಗೇ ಸೇರಿತು. ಅಕ್ಟೋಬರಿನಲ್ಲಿ ಕಟ್ಟಿದ್ದು ಜುಲೈಗೆ, ನವೆಂಬರಿನದು ಆಗಸ್ಟಿಗೆ. ಎಷ್ಟು ಓಡಿದರೂ ನಾನು ಮೂರು ಕಂತು ಹಿಂದೆಯೇ.

ನನ್ನ ರಿಪೋರ್ಟಿನ ಚೌಕಗಳನ್ನು ಹಾಗೆಯೇ ಕೊಡುತ್ತೇನೆ. 2023ರ ಜೂನ್ ಕೊನೆಗೆ 25. ಜುಲೈ ಕೊನೆಗೆ 56. ಆಗಸ್ಟ್ ಕೊನೆಗೆ 87. ಆಮೇಲೆ ತಿಂಗಳು ತಪ್ಪದೆ ಕಟ್ಟಿದೆ ನೋಡಿ, ಸೆಪ್ಟೆಂಬರಿಗೆ 87, ಅಕ್ಟೋಬರಿಗೆ 87, ನವೆಂಬರಿಗೆ 86, ಡಿಸೆಂಬರಿಗೆ 87, ಜನವರಿಗೆ 87, ಫೆಬ್ರವರಿಗೆ 86. ಆರು ತಿಂಗಳು, ಹದಿನೇಳು ಸಾವಿರಕ್ಕೂ ಹೆಚ್ಚು ಹಣ ಕಟ್ಟಿ, ಪ್ರತಿ ತಿಂಗಳೂ ಹೊಸದಾಗಿ ಒಂದು ಕೆಂಪು ಚೌಕ ಸಂಪಾದಿಸಿದೆ. ಸ್ಕೋರ್ ಲೆಕ್ಕ ಹಾಕುವಾಗ ಇತ್ತೀಚಿನ ಚೌಕಗಳ ಭಾರ ಹೆಚ್ಚು. ಹಳೆಯ ಮೂರು ತಿಂಗಳ ಗಾಯ ಒಣಗುವ ಹೊತ್ತಿಗೆ ನಾನೇ ಅದನ್ನು ಕೆರೆಯುತ್ತಿದ್ದೆ.

ಇದರ ಒಳಗೆ ಇನ್ನೊಂದು ಸಂಗತಿ ಇದೆ. ಪ್ರತಿ ತಿಂಗಳ ಮೊದಲ ವಾರದಲ್ಲಿ, ಕಂತು ಹೋಗುವ ಒಂದೆರಡು ದಿನ ಮೊದಲು, ನನ್ನ ಬಾಕಿ 90 ದಿನ ಮುಟ್ಟುತ್ತಿತ್ತು. 90 ದಿನ ದಾಟಿದರೆ ಆ ಸಾಲಕ್ಕೆ ಎನ್‌ಪಿಎ ಎಂಬ ಹಣೆಪಟ್ಟಿ ಬೀಳುತ್ತದೆ. ಬಿದ್ದ ಮೇಲೆ ಒಂದು ಕಂತು ಕಟ್ಟಿದರೆ ಅದು ಹೋಗುವುದಿಲ್ಲ. ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ, ಹಿಂದಿನ ಎಲ್ಲ ಬಾಕಿ ತೀರಿದ ಮೇಲೆಯೇ ಆ ಪಟ್ಟಿ ತೆಗೆಯಬೇಕೆಂದು. ಆದ್ದರಿಂದ ನನ್ನ ಅಭಿಪ್ರಾಯ ಒಂದೇ. ಬಿದ್ದ ಸ್ಕೋರ್ ಎತ್ತಬೇಕೆಂದರೆ ಮೊದಲ ಕೆಲಸ ಬಾಕಿ ಕಂತುಗಳನ್ನು ಒಂದೇ ಸಲ, ಒಟ್ಟಿಗೆ ತೀರಿಸುವುದು. ಅದಕ್ಕೆ ಮನೆಯವರಿಂದ ಕೇಳಬೇಕಾಗಿ ಬಂದರೆ ಕೇಳುವುದು. ಉಳಿದದ್ದೆಲ್ಲ ಆಮೇಲೆ.

ನಾನು ಕೇಳಲಿಲ್ಲ. 2024ರ ಫೆಬ್ರವರಿಯಲ್ಲಿ ಭಾವ ಅಂಗಡಿಗೆ ಬಂದರು. ಅವರು ಕುಂಬಳೆಯಲ್ಲಿ ಮನೆ ಕಟ್ಟಿಸುತ್ತಿದ್ದರು, ಬ್ಯಾಂಕಿನಿಂದ ಸಾಲದ ಮಾತಾಗಿತ್ತು. ಸಲಾಂ ಹೇಳಿ, ಉಪ್ಪ ಒಳಗೆ ಹೋಗುವವರೆಗೆ ಸುಮ್ಮನೆ ನಿಂತು, ಫೋನನ್ನು ಮೇಜಿನ ಮೇಲಿಟ್ಟರು. ಅವರ ಸ್ವಂತ ರಿಪೋರ್ಟು. ಅದರಲ್ಲಿ ಜಾಮೀನುದಾರ ಎಂಬ ಹೆಸರಿನಡಿ ನನ್ನ ಸ್ಕೂಟರಿನ ಸಾಲ, ಮೇಲಿಂದ ಕೆಳಗೆ 87, 87, 86.

"ನೀನು ಕಟ್ಟುತ್ತಿಲ್ಲವಾ?" ಎಂದು ಕೇಳಿದರು.

"ತಿಂಗಳು ತಿಂಗಳು ಕಟ್ಟುತ್ತಿದ್ದೇನೆ ಭಾವ" ಎಂದೆ. ಅದು ನಿಜವೇ ಆಗಿತ್ತು. ಅವರಿಗೆ ಅದು ಸುಳ್ಳಿನ ಹಾಗೆ ಕೇಳಿಸಿತು ಎಂದು ಅವರ ಮುಖದಲ್ಲಿ ಕಂಡಿತು.

ಜಾಮೀನು ಹಾಕುವುದೆಂದರೆ ಷೋರೂಮಿನಲ್ಲಿ ಕುಳಿತು ಒಂದು ಸಹಿ ಎಂದು ನಮ್ಮವರು ತಿಳಿಯುತ್ತಾರೆ. ಸಾಲಗಾರನ ಪ್ರತಿಯೊಂದು ಚೌಕವೂ ಜಾಮೀನುದಾರನ ರಿಪೋರ್ಟಿನಲ್ಲಿ ಕಾಣುತ್ತದೆ. ಅವನಿಗೆ ಯಾರೂ ಫೋನು ಮಾಡಿ ಹೇಳಬೇಕೆಂದಿಲ್ಲ.

ಆ ವಾರದಲ್ಲೇ ವಸೂಲಿಯವನ ಫೋನು ಬಂತು. ಒಟ್ಟು 40,800ರ ಹತ್ತಿರ ಇದೆ, 25,000 ಒಂದೇ ಸಲ ಕಟ್ಟಿ, ಸಾಲ ಮುಗಿಸಿ ಕೊಡುತ್ತೇವೆ ಎಂದ. ಹದಿನೈದು ಸಾವಿರ ಉಳಿಯಿತು ಎಂದು ನನಗೆ ಖುಷಿಯೇ ಆಯಿತು. ಉಪ್ಪನಿಗೆ ಆಗ ಎಲ್ಲ ಹೇಳಿಯಾಗಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ, "ಉಳಿದದ್ದನ್ನು ಅವರು ಪುಸ್ತಕದಲ್ಲಿ ಏನೆಂದು ಬರೆಯುತ್ತಾರೆ?"

ಬರೆಯುವುದು Settled ಎಂದು. ಉಪ್ಪನ ಭಾಷೆಯಲ್ಲಿ "ಬಿಟ್ಟದ್ದು". ಪೂರ್ತಿ ಕಟ್ಟಿ ಮುಗಿಸಿದ ಸಾಲದ ಮುಂದೆ Closed ಎಂದಿರುತ್ತದೆ. ಸೆಟಲ್‌ಮೆಂಟ್ ಮಾಡಿಕೊಂಡದ್ದು ವರ್ಷಗಟ್ಟಲೆ ಹಾಗೆಯೇ ನಿಲ್ಲುತ್ತದೆ, ಮುಂದೆ ಸಾಲ ಕೊಡುವವನಿಗೆ ಇವನು ಪೂರ್ತಿ ಕೊಡಲಿಲ್ಲ ಎಂದು ಹೇಳುತ್ತದೆ. ಕಟ್ಟಲು ನಿಜವಾಗಿ ಸಾಧ್ಯವೇ ಇಲ್ಲದವನಿಗೆ, ಕಾಯಿಲೆ ಬಿದ್ದವನಿಗೆ ಅದು ಒಂದು ದಾರಿ. ಆದರೆ ಸ್ಕೂಟರಿನ ಸಾಲದಂಥ ಸಣ್ಣ ಮೊತ್ತಕ್ಕೆ, ದುಡಿಯುವ ಕೈ ಇರುವವನು ಅದನ್ನು ಒಪ್ಪಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅದೂ ಅಲ್ಲದೆ ಪಡೆದ ಕಡ ಪೂರ್ತಿ ಕೊಡದೆ ಹೋದರೆ ಏನೆಂದು ನಮಗೆ ಮದ್ರಸದಲ್ಲೇ ಕಲಿಸಿದ್ದಾರೆ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲಿ. ಬೌನ್ಸ್ ಚಾರ್ಜು, ದಂಡ, ಇದನ್ನು ಕಡಿಮೆ ಮಾಡಿ ಎಂದು ಕೇಳಬಹುದು, ಕೆಲವೊಮ್ಮೆ ಬಿಡುತ್ತಾರೆ. ಆದರೆ ಅಸಲಿನಲ್ಲೋ ಕಂತಿನಲ್ಲೋ ಕಡಿತ ಮಾಡಿ ಮುಗಿಸುವುದು ಬೇರೆ. ಏನನ್ನು ಬಿಟ್ಟರು, ಸಾಲವನ್ನು ರಿಪೋರ್ಟಿನಲ್ಲಿ ಏನೆಂದು ತೋರಿಸುತ್ತಾರೆ ಎಂಬುದನ್ನು ಇಮೇಲಿನಲ್ಲಿ ಬರೆಸಿಕೊಂಡೇ ಹಣ ಕಟ್ಟಬೇಕು. ಫೋನಿನ ಮಾತಿಗೆ ಬೆಲೆ ಇಲ್ಲ.

ನಾವು ಮಾಡಿದ್ದು ಇಷ್ಟು. ಮೊದಲು ಸಾಲದ ಸ್ಟೇಟ್‌ಮೆಂಟ್ ತರಿಸಿದೆವು. ಬಾಕಿ ಕಂತು ಮೂರು, 8,676 ರೂಪಾಯಿ. ಬೌನ್ಸ್ ಚಾರ್ಜು 590ರಂತೆ ಮೂರು ಸಲ, 1,770. ದಂಡ 840. ಒಟ್ಟು 11,286. ದಂಡದ ಸಾಲನ್ನು ನೋಡುವುದು ಒಳ್ಳೆಯದು. 2024ರ ಏಪ್ರಿಲಿನಿಂದ ದಂಡವನ್ನು ಬಡ್ಡಿಯ ದರಕ್ಕೆ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಹಾಕುವ ಹಾಗಿಲ್ಲ, ಬೇರೆ ಚಾರ್ಜು ಎಂದೇ ತೋರಿಸಬೇಕು. ನಮ್ಮದರಲ್ಲಿ ಬಿಡಲು ಕೇಳಿದೆವು, ಬಿಡಲಿಲ್ಲ. ವಾದಕ್ಕೆ ನಿಂತರೆ ಇನ್ನೊಂದು ತಿಂಗಳ ಚೌಕ ಬರುತ್ತದೆ ಎಂದು ಕಟ್ಟಿದೆವು. ಹಣ ಉಪ್ಪ ಕೊಟ್ಟರು, ಅಂಗಡಿಗೆ ಸಾಮಾನು ತರಲು ಇಟ್ಟದ್ದು. ವಸೂಲಿಯವನು ತನ್ನ ನಂಬರಿಗೆ ಹಾಕಿ ಎಂದ, ನಾವು ಹಾಕಲಿಲ್ಲ. ಸಾಲದ ಖಾತೆಗೆ ನೇರ ಕಟ್ಟಿ ರಸೀದಿ ತೆಗೆದೆವು. ಮಾರ್ಚ್ ಕಂತೂ ಅದೇ ವಾರ ಹೋಯಿತು. ಆಪಿನಲ್ಲಿ ಬಾಕಿಯ ಜಾಗದಲ್ಲಿ ಸೊನ್ನೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಭಾವನಿಗೆ ಫೋನು ಮಾಡಿದೆ. ಮಾರ್ಚ್ ಚೌಕದಲ್ಲಿ 000 ಬಂತು.

2023ರ ಜುಲೈಯಲ್ಲೇ ಹೇಳಿದ್ದರೆ ಎರಡು ಕಂತು, 5,784 ರೂಪಾಯಿ ಮತ್ತು ಚಾರ್ಜಿನಲ್ಲಿ ಮುಗಿಯುತ್ತಿತ್ತು. ಭಾವನ ತನಕ ಹೋಗುತ್ತಿರಲಿಲ್ಲ. ನಮ್ಮ ಜಮಾಅತ್‌ಗಳಲ್ಲಿ, ಕುಟುಂಬಗಳಲ್ಲಿ ಮದುವೆಗೆ, ಆಸ್ಪತ್ರೆಗೆ ಕರ್ಝ್ ಹಸನ್ ಕೊಡುವ ಪದ್ಧತಿ ಇದೆ. ಎರಡು ಕಂತು ಬಾಕಿಯಾದ ಹುಡುಗನಿಗೆ ಆರು ಸಾವಿರ ಕೊಡಲು ಯಾರೂ ಹಿಂದೆಗೆಯುವುದಿಲ್ಲ. ಆದರೆ ಆ ಹುಡುಗ ಬಾಯಿ ಬಿಡುವುದಿಲ್ಲ, ಯಾಕೆಂದರೆ ಮೊದಲ ಮಾತೇ "ಬಡ್ಡಿಗೆ ಸಾಲ ಮಾಡಿದ್ದೇಕೆ?" ಎಂದಿರುತ್ತದೆ. ಆ ಪ್ರಶ್ನೆ ಸರಿ. ಕೇಳುವ ಸಮಯ ಸ್ಕೂಟರು ತೆಗೆಯುವಾಗ. ಬಾಕಿ ಬಿದ್ದ ಮೇಲೆ ಮೊದಲು ಬಾಕಿ ತೀರಲಿ, ಬುದ್ಧಿಮಾತು ಮರುದಿನ ಹೇಳಬಹುದು. "ನಮಗೆ ಇನ್ನು ಸಾಲವೇ ಬೇಡ, ಸ್ಕೋರ್ ಯಾಕೆ?" ಎನ್ನುವವರಿಗೂ ಒಂದು ಮಾತು. ನಾಳೆ ತಂಗಿಯ ನರ್ಸಿಂಗಿಗೆ ವಿದ್ಯಾಭ್ಯಾಸ ಸಾಲ ಕೇಳಿದರೆ ಜೊತೆಗೆ ಸಹಿ ಹಾಕುವವನ ರಿಪೋರ್ಟೂ ನೋಡುತ್ತಾರೆ.

ಬಾಕಿ ತೀರಿದ ಕೂಡಲೇ ಸ್ಕೋರ್ ಜಿಗಿಯುತ್ತದೆ ಎಂದು ತಿಳಿಯಬೇಡಿ. 300ರಿಂದ 900ರ ವರೆಗಿನ ಲೆಕ್ಕದಲ್ಲಿ ನನ್ನದು ಫೆಬ್ರವರಿಯಲ್ಲಿ 571 ಇತ್ತು. ಎಲ್ಲ ಕಟ್ಟಿದ ಮೇಲೆ ಎರಡು ತಿಂಗಳಿಗೆ 590. ಒಂದು ವರ್ಷಕ್ಕೆ 655. ಹಳೆಯ ಚೌಕಗಳನ್ನು ಯಾರೂ ಅಳಿಸುವುದಿಲ್ಲ, ಅವು ನಿಜವಾಗಿ ನಡೆದದ್ದು. ರಿಪೋರ್ಟಿನ ಆ ಪಟ್ಟಿಯಲ್ಲಿ 36 ತಿಂಗಳು ಕಾಣುತ್ತದೆ. ಹೊಸ 000ಗಳು ಒಂದೊಂದಾಗಿ ಮುಂದೆ ಬಂದು ಹಳೆಯ 87ಗಳನ್ನು ಹಿಂದಕ್ಕೆ ತಳ್ಳಬೇಕು. ಐದು ಸಾವಿರ ಕೊಟ್ಟರೆ ಸಿಬಿಲ್ ಕ್ಲೀನ್ ಮಾಡಿಸಿಕೊಡುತ್ತೇನೆ ಎನ್ನುವವರು ಇದ್ದಾರೆ. ನನಗೂ ಒಬ್ಬ ಹೇಳಿದ. ಸಾಲ ಕೊಟ್ಟವರು ತಿದ್ದಿ ಕಳಿಸದೆ ರಿಪೋರ್ಟಿನಲ್ಲಿ ಒಂದು ಅಂಕೆಯೂ ಬದಲಾಗುವುದಿಲ್ಲ. ತಪ್ಪಾಗಿ ಬಂದದ್ದನ್ನು ತಿದ್ದಿಸಲು ದುಡ್ಡೇ ಬೇಡ.

ತಪ್ಪಾಗಿ ಬರುವುದು ಹೇಗೆಂದರೆ, ಅದೂ ನನಗೇ ಆಯಿತು. 2025ರ ಜನವರಿಯಲ್ಲಿ 36ನೇ ಕಂತು ಹೋಯಿತು. ಸಾಲ ಮುಗಿಯಿತು ಎಂದು ಉಮ್ಮ ಪಾಯಸ ಕೂಡ ಮಾಡಿದರು. ಮಾರ್ಚಿನಲ್ಲಿ ರಿಪೋರ್ಟು ತೆಗೆದು ನೋಡಿದರೆ ಸಾಲ ಇನ್ನೂ ಚಾಲ್ತಿಯಲ್ಲಿದೆ, ಬಾಕಿ 590 ರೂಪಾಯಿ! ಸ್ಟೇಟ್‌ಮೆಂಟ್ ತರಿಸಿದಾಗ ತಿಳಿಯಿತು. ಹಿಂದಿನ ಅಕ್ಟೋಬರಿನಲ್ಲಿ ಖಾತೆಯಲ್ಲಿ ಕೆಲವು ರೂಪಾಯಿ ಕಡಿಮೆ ಇದ್ದು 5ಕ್ಕೆ ಬೌನ್ಸ್ ಆಗಿ, 9ಕ್ಕೆ ಮತ್ತೆ ಕೇಳಿದಾಗ ಹೋಗಿತ್ತು. ಕಂತು ಬಂತು, ಬೌನ್ಸ್ ಚಾರ್ಜು ಉಳಿಯಿತು. ತಿಂಗಳ ಕೊನೆಯ ಚೌಕ 000 ಇದ್ದದ್ದರಿಂದ ನನಗೆ ಗೊತ್ತೇ ಆಗಿರಲಿಲ್ಲ. ಕೊನೆಯ ಕಂತು ಹೋದ ವಾರದಲ್ಲೇ ಸ್ಟೇಟ್‌ಮೆಂಟ್ ತರಿಸಿ, ಚಾರ್ಜು ಸೇರಿ ಎಲ್ಲ ಸೊನ್ನೆಯೇ ಎಂದು ನೋಡಿ, ಎನ್‌ಒಸಿ ಮತ್ತು ಫಾರ್ಮ್ 35 ಕೇಳಿ ತೆಗೆಯಬೇಕು. ಎನ್‌ಒಸಿ ಸಿಗುತ್ತಿಲ್ಲವೆಂದರೆ ಏನೋ ಬಾಕಿ ಇರಬಹುದು. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರನ್ನು ತೆಗೆಸಲೂ ಅದೇ ಎರಡು ಕಾಗದ ಬೇಕು.

590 ಕಟ್ಟಿದೆ, ಎನ್‌ಒಸಿ ಬಂತು. ನಮ್ಮ ದೇಶದಲ್ಲಿ ಇಂಥ ಲೆಕ್ಕ ಇಡುವ ಕಂಪೆನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು ನಾಲ್ವರೂ ಬಿಟ್ಟಿ ಕೊಡಬೇಕು. ನಮ್ಮದನ್ನು ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ನಾಲ್ಕು ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಇಳಿಯುತ್ತದೆ. 2025ರ ಜನವರಿಯಿಂದ ಸಾಲ ಕೊಟ್ಟವರು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಇವರಿಗೆ ಲೆಕ್ಕ ಕಳಿಸಬೇಕಾಗಿತ್ತು. ಆದ್ದರಿಂದ ಒಂದು ತಿಂಗಳು ಕಾದು ನೋಡಿದೆ. ಮೂರು ಕಡೆ Closed ಆಯಿತು, ಒಂದು ಕಡೆ ಆಗಲಿಲ್ಲ. ಅಲ್ಲಿನ ವೆಬ್‌ಸೈಟಿನಲ್ಲೇ ದೂರು ಹಾಕಿ ಎನ್‌ಒಸಿ ಸೇರಿಸಿದೆ, ಸಾಲ ಕೊಟ್ಟವರಿಗೂ ಇಮೇಲ್ ಕಳಿಸಿದೆ. ಸುಮಾರು ಇಪ್ಪತ್ತು ದಿನದಲ್ಲಿ ಸರಿಯಾಯಿತು. 30 ದಿನದೊಳಗೆ ಸರಿ ಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ನಿಯಮ 2024ರಿಂದ ಇದೆ. ಆಗಲೂ ಆಗದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ನಾನು ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಭಾವನ ರಿಪೋರ್ಟಿನಲ್ಲೂ ಅದೇ ತಪ್ಪು ಇತ್ತು. ಅವರ ದೂರನ್ನು ಅವರ ಹೆಸರಲ್ಲೇ ಬೇರೆ ಹಾಕಬೇಕಾಯಿತು.

ಮುಗಿದ ಸಾಲ ಹೊಸ ಚೌಕ ಕೊಡುವುದಿಲ್ಲ, ಹಾಗಾದರೆ ಮುಂದೇನು ಎಂದು ಕೇಳುತ್ತಾರೆ. ಬ್ಯಾಂಕಿನಲ್ಲಿ ಠೇವಣಿ ಇಟ್ಟು ಅದರ ಮೇಲೆ ಕಾರ್ಡು ತೆಗೆದು, ತಿಂಗಳಿಗೆ ಸ್ವಲ್ಪವೇ ಖರ್ಚು ಮಾಡಿ, ಬಿಲ್ಲನ್ನು ಪೂರ್ತಿ ಕಟ್ಟುವುದು ಎಲ್ಲರೂ ಹೇಳುವ ದಾರಿ. ಪೂರ್ತಿ ಕಟ್ಟಿದರೆ ಕಾರ್ಡಿಗೆ ಬಡ್ಡಿ ಬೀಳುವುದಿಲ್ಲ. ಆದರೆ ಠೇವಣಿಗೆ ಬಡ್ಡಿ ಬರುತ್ತದೆ, ಉಪ್ಪ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಹೊಸ ಸಾಲ ಏನೂ ಮಾಡದೆ ಬಿಟ್ಟೆ. ನಿಧಾನವಾಗಿ ಏರಿತು, ಈಗ 690ರ ಹತ್ತಿರ ಇದೆ. ಕೊನೆಯ 86ರ ಚೌಕ ಇರುವುದು 2024ರ ಫೆಬ್ರವರಿಯದು. 

ಭಾವನಿಗೆ ಬ್ಯಾಂಕು ಸಾಲ ಕೊಟ್ಟಿತು, ಏಳು ತಿಂಗಳು ತಡವಾಗಿ. ಆ ಏಳು ತಿಂಗಳು ಮಳೆಗಾಲ ಸೇರಿ ಗೋಡೆಗಳು ಮೇಲ್ಛಾವಣಿ ಇಲ್ಲದೆ ನಿಂತಿದ್ದವು. ಅಕ್ಕ ಅದರ ಬಗ್ಗೆ ನನ್ನಲ್ಲಿ ಒಂದು ಮಾತೂ ಆಡಿಲ್ಲ.

ಉಪ್ಪ ನನಗೆ ಕೊಟ್ಟ 11,286ನ್ನು ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರಿಗೊಂದು ಪುಟ ಮಾಡಿ ಬರೆದಿದ್ದರು, ಗಿರಾಕಿಗಳ ನಡುವೆ. ತಿಂಗಳಿಗೆ 2,000ದಂತೆ ಐದು ಸಲ, ಆರನೆಯದಕ್ಕೆ 1,286 ಕೊಟ್ಟೆ. ಕೊನೆಯ ದಿನ ಆ 86 ರೂಪಾಯಿ ಬಿಡುತ್ತಾರೇನೋ ಎಂದು ನೋಡಿದೆ. ಬಿಡಲಿಲ್ಲ, ಎಣಿಸಿ ಗಲ್ಲಾಕ್ಕೆ ಹಾಕಿ, ಪುಟದ ಮೇಲೆ ಓರೆಯಾಗಿ ಗೆರೆ ಎಳೆದರು.